ಎರಡನೇ ಪ್ರಶ್ನೆ

ಕ್ಲಿನಿಕ್ಕಿನಲ್ಲಿ ಅವಳಿಗೆ ಡಬಲ್ ಚೆಕ್ ಸಿಸ್ಟರ್ ಎಂದು ಹೆಸರಿಟ್ಟವನು ಔಷಧಿ ಕೌಂಟರಿನ ಕಾಂಪೌಂಡರ್. ಬಿಪಿ ಎರಡು ಸಲ ನೋಡುವವಳು, ಇಂಜೆಕ್ಷನ್ ಬಾಟಲಿಯ ಚೀಟಿ ಮೂರು ಸಲ ಓದುವವಳು, ಬೀಗ ಹಾಕಿ ಅರ್ಧ ದಾರಿ ಹೋದಮೇಲೆ ವಾಪಸ್ ಬಂದು ಎಳೆದು ನೋಡುವವಳು. ಅಂಥವಳೂ ಆ ಸೋಮವಾರ ಹನ್ನೊಂದು ಗಂಟೆಗೆ ಒಂದು ತಪ್ಪು ಮಾಡಿದಳು. ಹೊರಗೆ ನಲವತ್ತು ಜನ ಕೂತಿದ್ದರು, ಫ್ಯಾನ್ ಕೆಟ್ಟಿತ್ತು.

ಅವಳ ಎದುರಿನ ಸ್ಟೂಲಿನ ಮೇಲೆ ಟೈಲರ್ ತಾತ. ಹೊಟ್ಟೆ ಉರಿ ಎಂದು ಆರು ತಿಂಗಳಲ್ಲಿ ಇದು ನಾಲ್ಕನೇ ಸಲ ಬಂದಿದ್ದ. ರಕ್ತ ಪರೀಕ್ಷೆ ಸರಿಯಿತ್ತು, ಸ್ಕ್ಯಾನ್ ಸರಿಯಿತ್ತು, ಹೊಟ್ಟೆಯೊಳಕ್ಕೆ ಕೊಳವೆ ಇಳಿಸಿ ನೋಡಿದ್ದೂ ಆಗಿತ್ತು. ಜೊತೆಯಲ್ಲಿ ಸೊಸೆ, ಬಾಗಿಲಿಗೆ ಒರಗಿ ಹದಿನೈದರ ಮೊಮ್ಮಗಳು.

ಡಾಕ್ಟರ ಹತ್ತಿರ ಕಳಿಸುವ ಮೊದಲು ಮನಸ್ಸಿನ ಫಾರಂ ತುಂಬಬೇಕು. ಮೊದಲು ಎರಡು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಮನಸ್ಸು ಕುಗ್ಗಿದೆಯೇ? ಮಾಡುವ ಕೆಲಸದಲ್ಲಿ ಆಸಕ್ತಿ, ಸಂತೋಷ ಕಡಿಮೆಯಾಗಿದೆಯೇ? ಎರಡಕ್ಕೂ ಇಲ್ಲ ಎಂದು ಸೊನ್ನೆ ಬಂದರೆ ಉಳಿದ ಏಳು ಪ್ರಶ್ನೆ ಕೇಳುವಂತಿಲ್ಲ, ಅಲ್ಲಿಗೇ ನಿಲ್ಲಿಸಬೇಕು.

"ತಾತ, ಮನಸ್ಸಿಗೆ ಬೇಜಾರು ಗೀಜಾರು ಏನಾದ್ರೂ ಇದ್ಯಾ?"

"ಬೇಜಾರು ಯಾಕಮ್ಮಾ? ಈ ಹೊಟ್ಟೆ ಒಂದು ಸರಿಯಾದ್ರೆ ನಂಗೇನು ಕಡಿಮೆ?"

"ಮಾವಂಗೆ ಮನೇಲಿ ಏನೂ ಕೊರತೆ ಮಾಡಿಲ್ಲ ಸಿಸ್ಟರ್," ಎಂದಳು ಸೊಸೆ, ಯಾರೋ ಆರೋಪ ಹೊರಿಸಿದ ಹಾಗೆ.

ಸಿಸ್ಟರ್ ಎರಡು ಸೊನ್ನೆ ಬರೆದಳು. ತೂಕ ನೋಡಿದಳು. ಮೊದಲ ಸಲಕ್ಕಿಂತ ಐದು ಕಿಲೋ ಕಮ್ಮಿ. ಪೆನ್ನು ಒಂದು ಕ್ಷಣ ತಡೆಯಿತು. ಹೊರಗಿನಿಂದ ಯಾರೋ "ನಮ್ದು ಯಾವಾಗ?" ಎಂದು ಕೂಗಿದರು. ಅವಳು ಫೈಲು ಮುಚ್ಚಿದಳು.

ತಾತ ಒಳಗೆ ಹೋಗಿ ಐದು ನಿಮಿಷಕ್ಕೆ ಹೊರಗೆ ಬಂದ. ಮತ್ತದೇ ಗ್ಯಾಸಿನ ಮಾತ್ರೆಯ ಚೀಟಿ. ಮುಂದಿನ ಸಲ ಬರುವ ತಾರೀಖಿನ ಜಾಗ ಖಾಲಿಯಿತ್ತು.

ತಾತ ಔಷಧಿ ಕೌಂಟರಿನ ಕಡೆ ಹೋದ. ಈಗ ಮೊಮ್ಮಗಳ ಸರದಿ. ಸೊಸೆ ಅವಳನ್ನು ತಳ್ಳಿಕೊಂಡೇ ಸ್ಟೂಲಿಗೆ ತಂದಳು.

"ಇವಳಿಗೆ ಏನಾದ್ರೂ ಕೊಡಿ ಸಿಸ್ಟರ್. ಮಾತಾಡಿಸಿದ್ರೆ ಮೈಮೇಲೆ ಏರಿ ಬರ್ತಾಳೆ. ತಲೆನೋವು ಅಂತ ವಾರಕ್ಕೆ ಮೂರು ದಿನ ಸ್ಕೂಲಿಗೆ ಚಕ್ಕರ್. ಮೊನ್ನೆ ಟೀಚರಿಗೇ ಎದುರು ಮಾತಾಡಿ ಬಂದಿದ್ದಾಳೆ. ಕೊಬ್ಬು, ಬೇರೇನಲ್ಲ."

"ಹೂಂ, ಕೊಬ್ಬು," ಎಂದಳು ಹುಡುಗಿ. "ಅದಕ್ಕೂ ಮಾತ್ರೆ ಇದ್ರೆ ಕೊಡಿ."

ಮಕ್ಕಳ ಫಾರಂ ಬೇರೆ. ಅದರಲ್ಲಿ ಮನಸ್ಸು ಕುಗ್ಗಿದೆಯೇ ಎಂಬುದರ ಪಕ್ಕದಲ್ಲೇ ಕಿರಿಕಿರಿ, ಸಿಟ್ಟು ಎಂದೂ ಇತ್ತು. ಸಿಸ್ಟರ್ ಈ ಸಲ ನಿಧಾನವಾಗಿ, ಅಕ್ಷರಕ್ಕೆ ಅಕ್ಷರ ಓದಿದಳು.

"ಸಿಟ್ಟು ದಿನಾ ಬರುತ್ತೆ. ಎದ್ದ ತಕ್ಷಣ ಬರುತ್ತೆ. ಬರ್ಕೊಳ್ಳಿ."

"ಮುಂಚೆ ಇಷ್ಟಪಟ್ಟು ಮಾಡ್ತಿದ್ದ ಕೆಲಸ ಏನಾದ್ರೂ ಈಗ ಬೇಡ ಅನ್ಸುತ್ತಾ?"

"ಚೆಂಡು ಮುಟ್ಟಿ ಎರಡು ತಿಂಗಳಾಯ್ತು. ಟೀಮಿಂದ ಫೋನ್ ಮಾಡಿದ್ರೆ ಎತ್ತಲ್ಲ." ಹುಡುಗಿ ತಲೆ ಎತ್ತಿದಳು. "ಇದನ್ನ ನಮ್ಮ ತಾತಂಗೆ ಯಾಕೆ ಕೇಳ್ಲಿಲ್ಲ ನೀವು?"

"ಕೇಳಿದ್ನಲ್ಲಾ..."

"ಬೇಜಾರಾ ಅಂತ ಕೇಳಿದ್ರಿ. ಅಷ್ಟೇ. ನಾನು ಇಲ್ಲೇ ನಿಂತಿದ್ದೆ. ತಾತ ಮಿಷನ್ ಮೇಲೆ ಬೆಡ್‌ಶೀಟ್ ಹೊದಿಸಿಟ್ಟಿದ್ದಾರೆ. ಐವತ್ತು ವರ್ಷ ಹೊಲಿದವರು ಒಂದು ಗುಂಡಿ ಹಾಕಿ ಅಂದ್ರೂ ಕೈಯಾಡ್ಸಲ್ಲ. ಬೆಳಗಿನ ಜಾವ ಮೂರಕ್ಕೇ ಎದ್ದು ಗೋಡೆ ನೋಡ್ತಾ ಕೂರ್ತಾರೆ. ಯಾರೂ ಕೇಳಲ್ಲ. ಎಲ್ಲರಿಗೂ ಅವರ ಹೊಟ್ಟೆ ಒಂದೇ ಚಿಂತೆ!"

"ವಯಸ್ಸಾಯ್ತಲ್ಲೇ, ವಯಸ್ಸಾದವರಿಗೆ ನಿದ್ದೆ ಎಲ್ಲಿ ಬರುತ್ತೆ?" ಎಂದಳು ಸೊಸೆ.

ಸಿಸ್ಟರಿಗೆ ಈಗ ಹೊಳೆಯಿತು. ಎರಡು ಪ್ರಶ್ನೆಯನ್ನು ಒಂದೇ ಮಾಡಿ ಕೇಳಿದ್ದಳು. ಎರಡನೆಯದನ್ನು ಕೇಳಿರಲೇ ಇಲ್ಲ. ಕೇಳದ್ದಕ್ಕೆ ಸೊನ್ನೆ ಬರೆದಿದ್ದಳು. ಆ ಸೊನ್ನೆ ನೋಡಿ ಡಾಕ್ಟರ್ ಫೈಲು ಮುಗಿಸಿದ್ದರು.

"ಇಲ್ಲೇ ಕೂತಿರಿ, ಇಬ್ರೂ," ಎಂದು ಎದ್ದಳು.

ಔಷಧಿ ಕೌಂಟರಿನಲ್ಲಿ ತಾತ ಇರಲಿಲ್ಲ.

"ಮಾತ್ರೆ ಬೇಡ ಅಂದು ಹೊರಟ್ರು," ಎಂದ ಕಾಂಪೌಂಡರ್. "ಯಾಕೆ, ಬಿಪಿ ಇನ್ನೊಂದ್ಸಲ ನೋಡ್ಬೇಕಾ?"

ಅವಳಿಗೆ ನಗಲಾಗಲಿಲ್ಲ. ಮಾತ್ರೆ ಬೇಡ ಎಂದರೆ ಏನರ್ಥ? ವರಾಂಡ ನೋಡಿದಳು, ನಲ್ಲಿಯ ಹತ್ತಿರ ನೋಡಿದಳು. ಗೇಟಿನ ತನಕ ಓಡಿದಳು. ರಸ್ತೆಯಲ್ಲಿ ಲಾರಿಯ ಹಿಂದೆ ಲಾರಿ. ತಾತ ಆಚೆ ಬದಿಯ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಿದ್ದ. ಬಸ್ಸೊಂದು ಬಂದು ನಿಂತಿತು, ಹೊರಟಿತು. ಅವನು ಅದರತ್ತ ನೋಡಲೂ ಇಲ್ಲ.

ಅವಳು ರಸ್ತೆ ದಾಟಿದಳು. ಏದುಸಿರು ಬಿಡುತ್ತ ಅವನ ಪಕ್ಕದಲ್ಲೇ ಕುಕ್ಕರಿಸಿದಳು.

"ತಾತ, ನನ್ನದೊಂದು ತಪ್ಪಾಯ್ತು. ಒಂದು ಪ್ರಶ್ನೆ ಬಿಟ್ಟುಬಿಟ್ಟೆ."

"ಫಾರಂ ತುಂಬ್ದೇ ಇದ್ರೆ ನಿಮ್ಮ ಕೆಲಸಕ್ಕೆ ಸಂಚಕಾರಾನಾ?"

"ಫಾರಂಗಲ್ಲ. ಹೊಲಿಗೆ ಯಾಕೆ ಬಿಟ್ರಿ?"

ತಾತ ತನ್ನ ಹೆಬ್ಬೆರಳಿನ ಗಡುಸು ಚರ್ಮವನ್ನು ಉಜ್ಜಿಕೊಂಡ. "ಬಿಡಲಿಲ್ಲಮ್ಮಾ. ಅದೇ ಬಿಟ್ಟುಹೋಯ್ತು. ಬಟ್ಟೆ ಮುಂದಿಟ್ಟುಕೊಂಡ್ರೆ ಬಟ್ಟೆ ಅಂತ ಕಾಣುತ್ತೆ, ಅಷ್ಟೇ. ಮುಂಚೆ ಅಂಗಿ ಅಂತ ಕಾಣ್ತಿತ್ತು."

"ಊಟ?"

"ಮಣ್ಣು ತಿಂದ ಹಾಗೆ. ಅದಕ್ಕೇ ಹೊಟ್ಟೆ ಅಂತೀನಿ. ಹೊಟ್ಟೆ ಅಂದ್ರೆ ಜನಕ್ಕೆ ಅರ್ಥ ಆಗುತ್ತೆ. ಉರಿ ಸುಳ್ಳಲ್ಲ, ಮತ್ತೆ."

"ಸುಳ್ಳು ಅಂತ ನಾನು ಅನ್ನಲ್ಲ." ಫಾರಂನ ಕೊನೆಯ ಪ್ರಶ್ನೆ ಕೇಳಲು ಅವಳು ಯಾವಾಗಲೂ ಹಿಂಜರಿಯುತ್ತಿದ್ದಳು. ಕೇಳಿದರೆ ತಲೆಯಲ್ಲಿ ಹುಳ ಬಿಟ್ಟಂತಾಗುತ್ತದೇನೋ ಎಂಬ ಭಯ. ಹಾಗಾಗುವುದಿಲ್ಲವೆಂದು ಈ ಫಾರಂ ತುಂಬಲು ಕಲಿಸಿದ ಸಂಜೆ ಕ್ಲಾಸಿನಲ್ಲಿ ಎರಡೆರಡು ಸಲ ಹೇಳಿಕೊಟ್ಟಿದ್ದರು. "ಬದುಕಿರೋದೇ ಬೇಡ ಅನ್ಸುತ್ತಾ ತಾತ?"

"ಮಲಗಿದವನು ಏಳದೇ ಇದ್ರೆ ಚೆನ್ನಾಗಿತ್ತು ಅನ್ಸುತ್ತೆ."

"ಏನಾದ್ರೂ ಮಾಡ್ಕೋಬೇಕು ಅಂತ?"

"ಇಲ್ಲ. ಇಲ್ಲಮ್ಮಾ." ಆಮೇಲೆ ಕ್ಲಿನಿಕ್ಕಿನ ಕಡೆ ನೋಡಿ ಹೇಳಿದ, "ಆ ಹುಡುಗಿ ಇದ್ದಾಳಲ್ಲ."

ಅವಳು ಅವನನ್ನು ಒಬ್ಬನೇ ಬಿಡಲಿಲ್ಲ. ತೋಳು ಹಿಡಿದು ರಸ್ತೆ ದಾಟಿಸಿ, ಸಾಲು ತಪ್ಪಿಸಿ ನೇರ ಡಾಕ್ಟರ ಕೋಣೆಗೆ ಕರೆದೊಯ್ದಳು. ಹೊರಗಿನವರು ಬೈದರು. ಬಾಗಿಲು ಮುಚ್ಚಿ, ತಾತನ ಎದುರಿಗೇ ಹೇಳಿದಳು:

"ಸರ್, ನಾನು ಬರೆದ ಸೊನ್ನೆ ತಪ್ಪು. ಎರಡನೇ ಪ್ರಶ್ನೆ ನಾನು ಕೇಳಿರಲಿಲ್ಲ."

ಡಾಕ್ಟರು ತಾತ ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಐದು ಕಿಲೋ ಇಳಿದಿದ್ದನ್ನ ನಾನೂ ನೋಡ್ದೆ ಸಿಸ್ಟರ್. ಸೊನ್ನೆ ಇದೆಯಲ್ಲ ಅಂತ ನಾನೂ ಬಾಯಿ ಬಿಡಲಿಲ್ಲ." ತಾತನ ಕಡೆ ತಿರುಗಿದರು. "ಯಜಮಾನ್ರೇ, ಇದು ವಯಸ್ಸಿನ ಕರ್ಮ ಅಲ್ಲ, ಕಾಯಿಲೆ. ವಾಸಿ ಮಾಡಬಹುದು. ಒಂದು ವಾರದಲ್ಲಲ್ಲ, ಹೊತ್ತು ಹಿಡಿಯುತ್ತೆ. ಗುರುವಾರ ಮತ್ತೆ ಬರ್ತೀರಿ. ಅಲ್ಲೀತನಕ ಮನೇಲಿ ಯಾರಾದ್ರೂ ನಿಮ್ಮ ಜೊತೇಲೇ ಇರ್ಲಿ. ಈಗ ಕೂತ್ಕೊಳ್ಳಿ, ಮೊದಲಿಂದ ಹೇಳಿ."

ಸಿಸ್ಟರ್ ತನ್ನ ಕೋಣೆಗೆ ಬಂದಾಗ ತಾಯಿ ಮಗಳು ಬೇರೆ ಬೇರೆ ಗೋಡೆ ನೋಡುತ್ತ ಕೂತಿದ್ದರು. ಹಳೆಯ ಫಾರಂಗಳ ಕಟ್ಟು ಕಣ್ಣಿಗೆ ಬಿತ್ತು. ಅದರೊಳಗೆ ಇಂಥ ಸೊನ್ನೆ ಇನ್ನೆಷ್ಟಿವೆಯೋ? ಇವತ್ತು ಸಂಜೆ ಒಂದೊಂದೇ ತೆಗೆದು ನೋಡಬೇಕು.

"ತಾತ ಸಿಕ್ರಾ?" ಎಂದಳು ಹುಡುಗಿ.

"ಸಿಕ್ರು. ಒಳಗೆ ಮಾತಾಡ್ತಿದ್ದಾರೆ."

ಹುಡುಗಿಯ ಹೆಗಲು ಸ್ವಲ್ಪ ಇಳಿಯಿತು. "ಸರಿ. ನಾವು ಹೋಗಬಹುದಾ?"

"ನಿನ್ನದು ಇನ್ನೂ ಏಳು ಪ್ರಶ್ನೆ ಬಾಕಿ ಇದೆ."

"ನಂಗೇನಾಗಿದೆ? ನನ್ನದು ಕೊಬ್ಬು ಅಂತ ಅಮ್ಮ ಹೇಳಿದ್ರಲ್ಲ."

ಸೊಸೆ ಬಾಯಿ ತೆರೆದಳು. ಸಿಸ್ಟರ್ ಅವಳಿಗೆ ಹೇಳಿದಳು, "ಅಕ್ಕಾ, ನೀವು ಮಾವನ ಹತ್ರ ಹೋಗಿ ಕೂತ್ಕೊಳ್ಳಿ. ಡಾಕ್ಟರು ನಿಮ್ಮನ್ನೂ ಕೇಳ್ತಾರೆ. ಮಾವನ್ನ ಕೇಳಿದ್ದಕ್ಕೆ ಉತ್ತರ ಮಾತ್ರ ಅವರೇ ಕೊಡ್ಲಿ."

ಸೊಸೆ ಎದ್ದು ಹೋದಳು. ಸಿಸ್ಟರ್ ಬಾಗಿಲು ಮುಚ್ಚಿದಳು, ಚಿಲಕ ಬಿದ್ದಿದೆಯೇ ಎಂದು ಎಳೆದು ನೋಡಿದಳು. ಹೊರಗೆ ಯಾರೋ ಬಡಿದರು. ತೆರೆಯಲಿಲ್ಲ.

"ಮೂರನೇ ಪ್ರಶ್ನೆ," ಎಂದಳು. "ನಿದ್ದೆ ಹೇಗಿದೆ?"

ಹುಡುಗಿ ಏನೋ ಖಾರವಾಗಿ ಹೇಳಲು ಹೊರಟವಳು ಅರ್ಧಕ್ಕೇ ತಡೆದಳು. ಅಂಗೈಯಿಂದ ಕಣ್ಣು ಒರೆಸಿಕೊಂಡಳು. ಸಿಸ್ಟರ್ ಪೆನ್ನು ಕೆಳಗಿಟ್ಟು ಕಾದಳು.