ಮಸಿಯಡಿಯ ಅಂಕಿ

ಆದವಾನಿಯ ಮಿಡ್ಲ್ ಸ್ಕೂಲಿನಲ್ಲಿ ಭೀಮಲಿಂಗಪ್ಪ ಮೇಷ್ಟ್ರು ಲೆಕ್ಕದ ಪರೀಕ್ಷೆಯ ಹಾಳೆ ಬರೆಯುತ್ತಿದ್ದಾಗ ಮೂರಂಕಿಯ ಒಂದು ಸಂಖ್ಯೆಯಲ್ಲಿ ೩ ಮತ್ತು ೬ರ ನಡುವಣ ಅಂಕಿಯ ಮೇಲೆ ಮಸಿ ಬಿತ್ತು. ಯುದ್ಧದ ಕಾಲ, ಕಾಗದ ತುಟ್ಟಿ. ಹಾಳೆ ಹರಿಯಲಾರದೆ ಅವರು ಕಲೆಯನ್ನೇ ಪ್ರಶ್ನೆ ಮಾಡಿದರು: ‘ಈ ಸಂಖ್ಯೆ ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಮಸಿಯಡಿಯ ಅಂಕಿ ಯಾವುದು? ಏಕೆ?’ ಮಕ್ಕಳು ಗೋಡೆಗೆ ಅಂಟಿಸಿದ ಆ ಹಾಳೆಯನ್ನು ಮಸಿಯ ಸಮೇತ ನಕಲು ಮಾಡಿಕೊಂಡರು.

ಲೆಕ್ಕದಲ್ಲಿ ಪೂರಾ ಮಾರ್ಕು ಬಂದರೆ ಹೈಸ್ಕೂಲು, ಇಲ್ಲದಿದ್ದರೆ ಮದುವೆ ಎಂದು ಆ ತರಗತಿಯ ಸುಭದ್ರಳಿಗೆ ಅಪ್ಪ ಉಚ್ಚೀರಪ್ಪ ಹೇಳಿದ್ದ. ಅವಳು ಎರಡು ಉತ್ತರ ಬರೆದಳು: ಸೊನ್ನೆ, ಒಂಬತ್ತು.

“ಒಂದು ಪ್ರಶ್ನಿಗೆ ಒಂದ ಉತ್ತರವ್ವಾ. ಇದಕ್ಕ ಉತ್ತರ ಸೊನ್ನಿ!” ಎಂದು ಮೇಷ್ಟ್ರು ಅರ್ಧ ಮಾರ್ಕು ಕಳೆದರು.

“ಸಾರ್, ನೂರರಾಗ ತೊಂಬತ್ತೊಂಬತ್ತು ತೆಗದ್ರ ಒಂದು ಉಳಿತೈತಿ. ಹತ್ತರಾಗ ಒಂಬತ್ತು ತೆಗದ್ರನೂ ಒಂದ. ಅದಕ್ಕ ಅಲ್ಲೇನು ನಾವು ಅಂಕಿ ಕೂಡಸಾದು? ಮೂರು, ಆರು ಕೂಡಿ ಆಗಲೇ ಒಂಬತ್ತಾತು. ನಡುವ ಸೊನ್ನಿ ಇದ್ರ ಏನೂ ಉಳಿಯಂಗಿಲ್ಲ. ಒಂಬತ್ತಿದ್ರ ಇನ್ನೊಂದು ಒಂಬತ್ತು ಉಳಿತೈತಿ, ಅದೂ ಭಾಗ ಹೋಗ್ತೈತಿ. ನೀವು ಬರದಿದ್ದು ಯಾವುದು ಸಾರ್?”

ಮೇಷ್ಟ್ರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮಸಿ ದಟ್ಟವಾಗಿತ್ತು, ಬರೆದದ್ದರ ನೆನಪು ಮಸುಕಾಗಿತ್ತು. ಹಾಗಾಗಿ ೩೦೬, ೩೯೬ ಎರಡನ್ನೂ ಭಾಗಿಸಿ ನೋಡಿದರು. ಮೂವತ್ತನಾಲ್ಕು, ನಲವತ್ತನಾಲ್ಕು. ಅರ್ಧ ಮಾರ್ಕು ವಾಪಸು ಬಂತು.

ಸಂಜೆ ಉಚ್ಚೀರಪ್ಪ ಹಾಳೆ ನೋಡಿ, “ಈ ಹೊಲಸು ಮಸಿಗೂ ಮಾರ್ಕು ಕೊಟ್ಟಾರೇನು?” ಎಂದ.

“ಅದಕ್ಕ ಅಪ್ಪಾ, ಪೂರಾ ಬಂದಿದ್ದು.”