ಆರು ಕಾಲಿನ ಜೇಡ

ಮಕ್ಕಳ ಪಠ್ಯಪುಸ್ತಕ ತಯಾರಿಸುವ ಆ ಪುಟ್ಟ ಕಚೇರಿಯಲ್ಲಿ ಸಂಪಾದಕಿಯನ್ನು ಎದುರಿಗೆ ಎಲ್ಲರೂ ‘ಅಕ್ಕ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಖಾರದಕ್ಕ’. ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೇ ಖುಷಿಪಡುತ್ತಿದ್ದಳು. ಮಾತಿನಲ್ಲಿ ಚುರುಕಿಲ್ಲದವರು ಸಂಪಾದಕರಾಗುವುದು ಹೇಗೆ ಎಂಬುದು ಅವಳ ವಾದ.

ಅವತ್ತು ಬೆಳಿಗ್ಗೆ ಚಿತ್ರಕಾರ್ತಿ ಹುಡುಗಿ ತಂಡದ ಗ್ರೂಪಿಗೆ ಜೇಡದ ಚಿತ್ರ ಹಾಕಿದಳು. ಅಕ್ಕ ನೋಡಿ, ಎಣಿಸಿ, ಮತ್ತೊಮ್ಮೆ ಎಣಿಸಿದಳು. ಕಾಲು ಆರೇ! ಬೆರಳುಗಳು ತಡೆಯಲಿಲ್ಲ. ‘ಆಹಾ, ಆರು ಕಾಲಿನ ಜೇಡ! ಉಳಿದೆರಡು ಕಾಲು ರಜೆ ಮೇಲೆ ಹೋಗಿವೆಯೇ? ಕುಂಚ ಹಿಡಿಯುವ ಮುಂಚೆ ಎಣಿಕೆ ಕಲಿತಿದ್ದರೆ ಚೆನ್ನಾಗಿತ್ತು’ ಎಂದು ಬರೆದು, ತನ್ನ ಜಾಣತನಕ್ಕೆ ತಾನೇ ನಕ್ಕು, ಕಳಿಸುವ ಮುಂಚೆ ಪಕ್ಕದ ಮೇಜಿನ ಅಜ್ಜನಿಗೆ ತೋರಿಸಿದಳು. ಅಜ್ಜ ಎಂದರೆ ಕರಡು ತಿದ್ದುವವನು. ನಗಿಸಬೇಕೆಂದೇ ತೋರಿಸಿದ್ದು.

ಅಜ್ಜ ನಗಲಿಲ್ಲ. “ಹಿಂದಿನ ಚಿತ್ರಕಾರನಿಗೂ ನೀನು ಹಿಂಗೇ ಒಂದು ಬರೆದಿದ್ದೆ. ಎಲ್ಲರೂ ನಗುಮುಖ ಒತ್ತಿದ್ರು, ನಾನೂ ಒತ್ತಿದ್ದೆ. ಅವನು ಮಾರನೇ ವಾರ ಬರಲೇ ಇಲ್ಲ.”

ಅಕ್ಕನ ಮುಖ ಇಳಿಯಿತು. ಈ ಹುಡುಗಿಯನ್ನು ಹುಡುಕಿ ಕರೆತಂದವಳು ಅವಳೇ. ನಾಲ್ಕು ಗೆರೆಯಲ್ಲಿ ಕಪ್ಪೆಗೆ ಕಳ್ಳನಗು ಕೊಡುವ ಕೈ ಅದು. ಅವಳೂ ಹೊರಟುಹೋದರೆ ಈ ಕಚೇರಿಯೇ ಬಣಗುಡುತ್ತದೆ. ಹಾಗೆಂದು ಆರು ಕಾಲಿನ ಜೇಡವನ್ನು ಮಕ್ಕಳ ಕೈಗೆ ಕೊಡಲಾಗುತ್ತದೆಯೇ?

ಎಲ್ಲ ಅಳಿಸಿ ಮತ್ತೆ ಬರೆದಳು: ‘ಚಿತ್ರ ಎಷ್ಟು ಮುದ್ದಾಗಿದೆ! ಬಿಡುವಾದಾಗ ಕಾಲುಗಳ ಕಡೆ ಒಮ್ಮೆ ಕಣ್ಣಾಡಿಸ್ತೀಯಾ?’

“ಇದನ್ನ ಓದಿ ಅವಳು ಕಾಲಿಗೆ ಇನ್ನಷ್ಟು ಬಣ್ಣ ಹಚ್ತಾಳೆ,” ಎಂದ ಅಜ್ಜ. “ಆರೇ ಕಾಲು ಚೆಂದವಾಗಿ ಅಚ್ಚಿಗೆ ಹೋಗತ್ತೆ.”

“ಖಾರ ಹಾಕಿದ್ರೂ ತಪ್ಪು, ಸಕ್ಕರೆ ಹಾಕಿದ್ರೂ ತಪ್ಪು! ಮತ್ತೇನು ಬರೀಲಿ?”

“ಅವಳಿಗೆ ಏನು ಗೊತ್ತಾಗಬೇಕು, ಹೇಳು.”

“ಕಾಲು ಎಂಟು ಬೇಕು ಅಂತ. ಮಧ್ಯಾಹ್ನದೊಳಗೆ ಬೇಕು ಅಂತ.”

“ಎಣಿಕೆ ಬರಲ್ಲ ಅನ್ನೋದು?”

“ಅದು… ಅವಳಿಗಲ್ಲ. ನೋಡಿ ನಗೋರಿಗೆ.” ಹೇಳಿದ ಮೇಲೆ ಅಕ್ಕನಿಗೇ ನಾಚಿಕೆಯಾಯಿತು.

ಅವಳಿಗೊಬ್ಬಳಿಗೇ ಕಳಿಸೋಣವೆಂದರೆ, ಪುಟ ಜೋಡಿಸುವವನೂ ಆ ಪುಟವನ್ನು ತಡೆಹಿಡಿಯಬೇಕಿತ್ತು. ಆದ್ದರಿಂದ ಗ್ರೂಪಿನಲ್ಲೇ ಬರೆದಳು. ‘ಹನ್ನೆರಡನೇ ಪುಟದ ಜೇಡಕ್ಕೆ ಆರು ಕಾಲಿವೆ. ಎಂಟು ಬೇಕು, ಒಂದೊಂದು ಬದಿಗೆ ನಾಲ್ಕು. ಪಾಠದಲ್ಲಿ ಮಕ್ಕಳಿಗೆ ಕಾಲು ಎಣಿಸಲು ಹೇಳಿದ್ದೇವೆ, ಹಾಗಾಗಿ ತಿದ್ದದೆ ಕಳಿಸುವಂತಿಲ್ಲ. ಮಧ್ಯಾಹ್ನದೊಳಗೆ ಆಗುತ್ತದೆಯೇ? ಅಲ್ಲಿಯವರೆಗೆ ಪುಟ ನಿಲ್ಲಲಿ. ಕಣ್ಣುಗಳನ್ನು ಮಾತ್ರ ಮುಟ್ಟಬೇಡ, ಅವುಗಳಲ್ಲಿ ಜೀವವಿದೆ.’

ಅಜ್ಜ ಓದಿ, ಕನ್ನಡಕ ಸರಿಮಾಡಿಕೊಂಡು, “ಕಳಿಸು” ಎಂದ.

ಉತ್ತರ ಕೂಡಲೇ ಬಂತು. ‘ಆಗತ್ತೆ ಅಕ್ಕಾ. ಹಿಂದಿನ ಪುಟದ ಇರುವೆ ಚಿತ್ರವನ್ನೇ ತಿದ್ದಿ ಇದನ್ನ ಮಾಡಿದ್ದೆ, ಕಾಲು ಸೇರಿಸೋದು ಮರೆತೆ.’ ಇರುವೆಗೆ ಆರು ಕಾಲು ಸರಿಯೇ. ಅಕ್ಕ ನಿಟ್ಟುಸಿರು ಬಿಟ್ಟಳು. ಎಣಿಕೆ ಬಾರದ ಹುಡುಗಿಯಂತೆ, ಎಂಥ ಮಾತು ಆಡಲಿದ್ದೆ!

ಅಷ್ಟರಲ್ಲಿ ಹುಡುಗಿ ಮತ್ತೇನೋ ಬರೆಯುತ್ತಿರುವುದು ಕಾಣಿಸಿತು. ನಿಂತಿತು. ಮತ್ತೆ ಶುರುವಾಯಿತು. ಕಡೆಗೂ ಬಂತು: ‘ಅದೇ ಪುಟದಲ್ಲಿ ಎಲ್ಲ ಜೇಡಗಳೂ ಬಲೆ ನೇಯುತ್ತವೆ ಅಂತ ಇದೆ. ನೆಗೆಯುವ ಜೇಡ ಬೇಟೆಗೆ ಬಲೆ ನೇಯಲ್ಲ, ಹಾರಿ ಹಿಡಿಯತ್ತೆ. ಹಲವು ಜೇಡಗಳು ಅಂದ್ರೆ ಸರಿಹೋಗತ್ತೆ ಅಕ್ಕಾ. ಮುಂದಿನ ವಾಕ್ಯ ಮಾತ್ರ ಬದಲಾಯಿಸಬೇಡಿ, ನನಗೆ ತುಂಬಾ ಇಷ್ಟ.’

ಆ ಪಾಠ ಬರೆದವಳು ಅಕ್ಕನೇ. ಪಾಠ ಮೂರು ಸಲ ಅಜ್ಜನ ಕಣ್ಣ ಕೆಳಗೂ ಹಾದುಹೋಗಿತ್ತು. ಅಜ್ಜ ಮೆಲ್ಲಗೆ ಕಿಟಕಿಯ ಕಡೆ ತಿರುಗಿದ. ಅಕ್ಕ ಎದ್ದು ನೇರ ಹುಡುಗಿಯ ಕೋಣೆಗೆ ನಡೆದಳು. ಹುಡುಗಿ ಗಾಬರಿಯಿಂದ ಎದ್ದು ನಿಂತಳು.

“ಕೂತ್ಕೋ. ಆ ತಪ್ಪು ಯಾವಾಗ ನೋಡಿದೆ?”

“ಹೋದ ವಾರ.”

“ಮತ್ತೆ ಯಾಕೆ ಹೇಳಲಿಲ್ಲ?”

ಹುಡುಗಿ ತಲೆ ತಗ್ಗಿಸಿದಳು. “ಬರೆದಿದ್ದೆ ಅಕ್ಕಾ. ನೀವೇನಂತೀರೋ ಅಂತ ಅಳಿಸಿಬಿಟ್ಟೆ.”

ಇಷ್ಟು ವರ್ಷ ಅಕ್ಕ ತನ್ನ ನಾಲಿಗೆ ತಪ್ಪುಗಳನ್ನು ಓಡಿಸುತ್ತಿದೆ ಎಂದುಕೊಂಡಿದ್ದಳು. ಅದು ತಪ್ಪು ಹಿಡಿಯುವವರನ್ನು ಓಡಿಸುತ್ತಿತ್ತು. ಪಕ್ಕದ ಕುರ್ಚಿ ಎಳೆದುಕೊಂಡು ಹುಡುಗಿಯ ಎದುರಿಗೇ ಕುಳಿತಳು.

“ಇನ್ನೂ ಏನೇನು ಅಳಿಸಿದ್ದೀಯಮ್ಮಾ?”

ಹುಡುಗಿ ಪುಸ್ತಕದ ಕರಡನ್ನು ಅವಳ ಮುಂದೆ ಸರಿಸಿದಳು. ಆಮೇಲೆ ಹೇಳಿದಳು, “ಏಳನೇ ಪುಟ ತೆಗೀರಿ ಅಕ್ಕಾ.”