ಬೈಗುಳವಿಲ್ಲದ ಮೇಲ್

ತಿರುವೊಟ್ಟಿಯೂರಿನ ಆ ಮೀನು ಶೈತ್ಯಾಗಾರದಲ್ಲಿ ನಾನೂರು ಜನ ಕೆಲಸ ಮಾಡುತ್ತಿದ್ದರು, ಕನ್ನಡದವರು ಮಾತ್ರ ಇಬ್ಬರೇ. ಒಬ್ಬಳು ಸುರಕ್ಷತಾ ಅಧಿಕಾರಿ ವಿನೋದಾ. ಹಾಸನದವಳು, ಚೆನ್ನೈಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಇನ್ನೊಬ್ಬರು ಮೆಂಟೆನೆನ್ಸ್ ಮುಖ್ಯಸ್ಥ ಉಪೇಂದ್ರ, ಮೂರು ತಲೆಮಾರಿನಿಂದ ಮದರಾಸಿನಲ್ಲೇ ಬೇರುಬಿಟ್ಟ ಮನೆತನದವರು, ನಿವೃತ್ತಿಗೆ ಇನ್ನೆರಡು ವರ್ಷ. ಅವರ ಕನ್ನಡದಲ್ಲಿ ಕಾಲುಭಾಗ ತಮಿಳು. ಆದರೇನು, ಕೀಲ್ಪಾಕಿನ ಹಾಸ್ಟೆಲಿನಿಂದ ಹೊರಟು ಮತ್ತೆ ಅಲ್ಲಿಗೇ ಹೋಗಿ ಬೀಳುವ ತನಕ ಮುರುಕು ತಮಿಳಿನಲ್ಲೇ ದಿನ ದೂಡುವವಳಿಗೆ, ಕ್ಯಾಂಟೀನಿನ ಮೂಲೆ ಮೇಜಿನಲ್ಲಿ ಅವರೊಂದಿಗೆ ಕೂರುವ ಅರ್ಧ ಗಂಟೆಯೇ ಊರು, ಅದೇ ಬಳಗ. ಅವರ ಹೆಂಡತಿ ಭೀಮಾಬಾಯಿ ಇವಳಿಗೆಂದೇ ಒಂದು ಹಿಡಿ ಹೆಚ್ಚು ಹುಳಿಯನ್ನ ಕಟ್ಟಿ ಕಳಿಸುತ್ತಿದ್ದರು. ಆಕೆಯನ್ನು ವಿನೋದಾ ಒಮ್ಮೆಯೂ ನೋಡಿರಲಿಲ್ಲ, ಕೈರುಚಿ ಮಾತ್ರ ಚೆನ್ನಾಗಿ ಗೊತ್ತಿತ್ತು.

ಶೈತ್ಯಾಗಾರವನ್ನು ತಣ್ಣಗಿಡುವುದು ಅಮೋನಿಯಾ. ಅದು ಸೋರಿದರೆ ಕಂಪ್ರೆಸರ್ ಕೋಣೆಯ ಎರಡು ಸೆನ್ಸರುಗಳು ಅಲಾರಂ ಹೊಡೆಯಬೇಕು. ಪ್ರತಿ ಗುರುವಾರ ವಿನೋದಾ ಅವುಗಳ ಮೂತಿಗೆ ಅಳತೆ ಗೊತ್ತಿರುವ ಗ್ಯಾಸ್ ಹಿಡಿದು ಪರೀಕ್ಷಿಸುತ್ತಿದ್ದಳು. ಸೆಪ್ಟೆಂಬರ್ ಐದರಂದು ಐವತ್ತು ತೋರಿಸಬೇಕಾದ ಒಂದು ಸೆನ್ಸರು ಹನ್ನೊಂದು ತೋರಿಸಿತು. ಇಪ್ಪತ್ತೈದು ದಾಟಿದರೆ ತಾನೇ ಅಲಾರಂ? ಅದು ತುಟಿ ಬಿಚ್ಚಲಿಲ್ಲ.

ಅವತ್ತೇ ಊಟದ ಹೊತ್ತಿಗೆ ಉಪೇಂದ್ರರಿಗೆ ಹೇಳಿದಳು.

"ಕವಲೆಪಡಬೇಡಮ್ಮ, ಚಿಂತೆ ಯಾಕೆ, ಹೊಸದು ತರಿಸೋಣ," ಎಂದು ಅವರು ಇವಳ ತಟ್ಟೆಗೆ ಹುಳಿಯನ್ನ ಹಾಕಿದರು.

ಹನ್ನೆರಡಕ್ಕೂ ಹೇಳಿದಳು, ಹತ್ತೊಂಬತ್ತಕ್ಕೂ, ಇಪ್ಪತ್ತಾರಕ್ಕೂ. ಪ್ರತಿ ಸಲವೂ ಅದೇ ಮೇಜು, ಅದೇ ಉತ್ತರ. ಅಕ್ಟೋಬರ್ ಮೂರರ ಗುರುವಾರ ಎರಡನೆಯ ಸೆನ್ಸರೂ ಹದಿನೆಂಟಕ್ಕೆ ನಿಂತಿತು. ಈಗ ಆ ಕೋಣೆಯಲ್ಲಿ ಪಾಳಿಗೆ ಮೂವರಂತೆ ಕೆಲಸ ಮಾಡುವವರನ್ನು ಕಾಯಲು ಏನೂ ಉಳಿದಿರಲಿಲ್ಲ. ಗಂಟೆಗೊಮ್ಮೆ ಕೈಮಾಪಕ ಹಿಡಿದು ಅಳೆಯುವ ಏರ್ಪಾಡು ಮಾಡಿ, ಖರೀದಿ ವಿಭಾಗಕ್ಕೆ ಫೋನ್ ಮಾಡಿದಳು. ಸೆನ್ಸರಿಗೆ ಬೇಡಿಕೆಯೇ ಬಂದಿಲ್ಲ ಎಂದರು.

ಇನ್ನು ಜನರಲ್ ಮ್ಯಾನೇಜರ್ ಶಂಕರನಾರಾಯಣರಿಗೆ ಬರೆಯದೆ ದಾರಿಯಿರಲಿಲ್ಲ. ಸಿಟ್ಟಿನಲ್ಲಿ ಶುರುಮಾಡಿದ ಮೇಲ್ ಓದಿದರೆ ಅವಳಿಗೇ ಗಾಬರಿಯಾಯಿತು. 'ಪದೇ ಪದೇ ನೆನಪಿಸಿದರೂ', 'ಮೆಂಟೆನೆನ್ಸ್ ವಿಭಾಗದ ನಿರ್ಲಕ್ಷ್ಯದಿಂದ', ಹೀಗೆ ಸಾಲಿಗೊಂದು ಚುಚ್ಚು. ಉಪೇಂದ್ರ ನಿರ್ಲಕ್ಷ್ಯ ಮಾಡಿದರೋ, ಮರೆತರೋ, ಬಜೆಟ್ಟಿಗೆ ಕಾದರೋ, ಅವಳಿಗೇನು ಗೊತ್ತು? ಗೊತ್ತಿಲ್ಲದ್ದನ್ನೆಲ್ಲ ಅಳಿಸಿದಳು. ಪರೀಕ್ಷೆಯ ದಿನಾಂಕ, ಸೆನ್ಸರು ತೋರಿಸಿದ ಅಂಕಿ, ಅಷ್ಟೇ ಉಳಿಯಿತು.

ನೆನಪಿಸಿದ್ದಕ್ಕೆ ಆಧಾರ ಕೊಡೋಣವೆಂದು ಹಳೆಯ ಮೇಲ್‌ಗಳನ್ನು ಹುಡುಕಿದಳು. ಒಂದೂ ಇರಲಿಲ್ಲ. ಬೇರೆ ಯಾವ ವಿಭಾಗದಲ್ಲಿ ಒಂದು ಬಲ್ಬು ಕೆಟ್ಟರೂ ಅದೇ ದಿನ ಮೇಲ್ ಹಾಕುವವಳು ಇವಳು. ಉಪೇಂದ್ರರಿಗೆ ಮಾತ್ರ ಬಾಯಲ್ಲೇ ಹೇಳಿದ್ದಳು, ಅದೂ ಕನ್ನಡದಲ್ಲಿ. ಎದುರು ಕೂತು ಅವರ ಮನೆಯ ಅನ್ನ ತಿಂದು, ಮೇಲೆ ಹೋಗಿ ಅವರಿಗೆ ಇಂಗ್ಲಿಷಿನಲ್ಲಿ ಮೇಲ್ ಹಾಕುವುದು ಮುಖಕ್ಕೆ ಹೊಡೆದ ಹಾಗಲ್ಲವೇ ಎಂದುಕೊಂಡಿದ್ದಳು. ಆ ದಾಕ್ಷಿಣ್ಯಕ್ಕೆ ನಾಲ್ಕು ವಾರ ಹೋಗಿತ್ತು. ತಪ್ಪು ಅವರದಷ್ಟೇ ಅಲ್ಲ ಎಂದು ಹೊಳೆದಾಗ ಅವಳಿಗೆ ನಾಚಿಕೆಯಾಯಿತು.

ಇಂಗ್ಲಿಷಿನ ಆ ಮೇಲ್ ಕೊನೆಗೆ ನಿಂತದ್ದು ಹೀಗೆ:

'ವಿಷಯ: ಕಂಪ್ರೆಸರ್ ಕೋಣೆಯ ಅಮೋನಿಯಾ ಸೆನ್ಸರುಗಳು, ಅಕ್ಟೋಬರ್ 7ರೊಳಗೆ ತಮ್ಮ ನಿರ್ಧಾರ ಬೇಕಾಗಿದೆ.

ಸೆಪ್ಟೆಂಬರ್ 5ರ ಪರೀಕ್ಷೆಯಲ್ಲಿ ಮೊದಲ ಸೆನ್ಸರು 50ರ ಬದಲು 11 ತೋರಿಸಿತು. ಅಂದು ಮತ್ತು 12, 19, 26ರಂದು ಮೆಂಟೆನೆನ್ಸ್ ಮುಖ್ಯಸ್ಥರಿಗೆ ಬಾಯಿಮಾತಿನಲ್ಲಿ ತಿಳಿಸಿದೆ. ಬರಹದಲ್ಲಿ ತಿಳಿಸಲಿಲ್ಲ, ಅದು ನನ್ನಿಂದಾದ ಲೋಪ. ಅಕ್ಟೋಬರ್ 3ರಂದು ಎರಡನೆಯ ಸೆನ್ಸರು 18 ತೋರಿಸಿತು. ಖರೀದಿ ವಿಭಾಗದ ಪ್ರಕಾರ ಅಂದಿನವರೆಗೆ ಬೇಡಿಕೆ ದಾಖಲಾಗಿಲ್ಲ. ಈಗ ಸೋರಿಕೆಯಾದರೆ ಅಲಾರಂ ಆಗದಿರುವ ಸಂಭವವಿದೆ. ಸದ್ಯ ಗಂಟೆಗೊಮ್ಮೆ ಕೈಮಾಪಕದಿಂದ ಅಳೆಯುತ್ತಿದ್ದೇವೆ. ಅದು ಸೆನ್ಸರಿಗೆ ಬದಲಿಯಲ್ಲ. ಎರಡು ಸೆನ್ಸರುಗಳ ತುರ್ತು ಖರೀದಿಗೆ ಒಪ್ಪಿಗೆ ಕೋರುತ್ತೇನೆ. ಪರೀಕ್ಷೆಯ ದಾಖಲೆಗಳನ್ನು ಲಗತ್ತಿಸಿದ್ದೇನೆ.'

ಬೆನ್ನ ಹಿಂದೆ ಕಳಿಸಲು ಮನಸ್ಸು ಒಪ್ಪಲಿಲ್ಲ. ಶುಕ್ರವಾರ ಊಟದ ಹೊತ್ತಿಗೆ ಅದನ್ನು ಮುದ್ರಿಸಿಕೊಂಡು ಹೋದಳು.

"ಸಾರ್, ಜಿ.ಎಂ.ಗೆ ಇವತ್ತು ಇದನ್ನ ಕಳಿಸ್ತಾ ಇದೀನಿ. ನಿಮಗೂ ಪ್ರತಿ ಇರುತ್ತೆ. ಮೊದಲು ನೀವು ನೋಡಿಬಿಡಿ. ಏನಾದ್ರೂ ತಪ್ಪಿದ್ರೆ ಹೇಳಿ, ತಿದ್ದುತೀನಿ."

ಉಪೇಂದ್ರ ಕೈ ತೊಳೆದು ಬಂದು ಕನ್ನಡಕ ಹಾಕಿಕೊಂಡರು. ಒಂದು ಸಲ ಓದಿ, ಮತ್ತೆ ಮೊದಲಿನಿಂದ ಓದಿದರು.

"ದಿನಾಂಕ ಎಲ್ಲಾ ಕರೆಕ್ಟಮ್ಮ. ಒಂದೂ ತಪ್ಪಿಲ್ಲ."

"ಬೇಡಿಕೆ ಯಾಕೆ ಹೋಗಲಿಲ್ಲ ಅಂತ ನೀವು ಹೇಳಿದ್ರೆ ಅದನ್ನೂ ಸೇರಿಸ್ತೀನಿ ಸಾರ್."

"ಬರೆಯೋಕೆ ಏನಿದೆ? ನಾಳೆ ಹಾಕೋಣ ನಾಳೆ ಹಾಕೋಣ ಅಂತ ಇದ್ದೆ. ನೀನೂ ಇಲ್ಲೇ ಕೂತು ಹೇಳ್ತಿದ್ದೆ ನೋಡು, ಆಫೀಸ್ ವಿಷಯ ಅಂತ ಮನಸ್ಸಿಗೆ ಹತ್ತಲೇ ಇಲ್ಲ."

"ನಿಮ್ಮನ್ನ ದೂರಬೇಕು ಅಂತಲ್ಲ ಸಾರ್. ಒಂದು ಮಾತೂ ಹಾಗೆ ಬರಬಾರದು ಅಂತ ಎಷ್ಟು ಸಲ ತಿದ್ದಿದೀನಿ ಗೊತ್ತಾ."

"ಅದು ಗೊತ್ತಾಗತ್ತಮ್ಮ." ಹಾಳೆಯನ್ನು ಮಡಿಸಿ ಅವಳ ಕಡೆ ತಳ್ಳಿದರು. "ಬೈದಿದ್ರೆ ನಾನೂ ನಾಲ್ಕು ಮಾತು ಬೈದು, ಸಂಡೈ ಪೋಟ್ಟು ಜಗಳ ಮುಗಿಸಿ, ಸೋಮವಾರ ಮತ್ತೆ ಕೂತು ಊಟ ಮಾಡ್ಬಹುದಿತ್ತು. ಇದರಲ್ಲಿ ನಾನು ಏನಂತ ಜಗಳ ಆಡ್ಲಿ? ಕಳಿಸು, ಕಳಿಸಬೇಕಾದ್ದೇ."

ಅವರು ಡಬ್ಬಿ ಮುಚ್ಚಿ ಎದ್ದರು. ಅವಳ ಪಾಲಿನ ಹುಳಿಯನ್ನ ಅದರೊಳಗೇ ಉಳಿಯಿತು. ಮರೆತದ್ದೋ ಬೇಕೆಂದೋ, ಅದನ್ನೂ ಅವಳು ಊಹಿಸಲು ಹೋಗಲಿಲ್ಲ. ಎರಡು ಗಂಟೆಗೆ ಮೇಲ್ ಕಳಿಸಿದಳು.

ಶಂಕರನಾರಾಯಣರ ಉತ್ತರ ಸಂಜೆಯೇ ಬಂತು. ತುರ್ತು ಖರೀದಿಗೆ ಒಪ್ಪಿಗೆ. ವಿವರ ಸ್ಪಷ್ಟವಾಗಿದೆ, ಧನ್ಯವಾದ. ಯಾರ ಮೇಲೂ ಆಪಾದನೆಯಿಲ್ಲ, ವಿಚಾರಣೆಯೂ ಇಲ್ಲ. ಕೊನೆಗೊಂದು ಸಾಲು: ವಿನೋದಾ ತಾವೇ ಗುರುತಿಸಿರುವ ಲೋಪ ಮರುಕಳಿಸದಂತೆ, ಇನ್ನು ಮುಂದೆ ಎರಡೂ ವಿಭಾಗಗಳು ಪರಸ್ಪರ ತಿಳಿಸಬೇಕಾದ್ದನ್ನೆಲ್ಲ ಬರಹದಲ್ಲೇ ತಿಳಿಸತಕ್ಕದ್ದು.

ಸೋಮವಾರ ಉಪೇಂದ್ರ ಕ್ಯಾಂಟೀನಿಗೆ ಬರಲಿಲ್ಲ, ಮಂಗಳವಾರವೂ ಇಲ್ಲ. ವರ್ಕ್‌ಶಾಪಿನಲ್ಲೇ ಹುಡುಗರ ಜೊತೆ ಊಟ ಮುಗಿಸಿದರಂತೆ. ಎದುರು ಸಿಕ್ಕಾಗ ತಲೆಯಾಡಿಸಿ ನಕ್ಕರು. ಆ ನಗುವಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಹೋಗಿ ಸಮಾಧಾನ ಮಾಡುತ್ತಿದ್ದಳು.

ಬುಧವಾರ ಸೆನ್ಸರುಗಳು ಬಂದವು, ರಾತ್ರಿಯೊಳಗೆ ಅಳವಡಿಸಿದರು. ಗುರುವಾರ ವಿನೋದಾ ಗ್ಯಾಸ್ ಹಿಡಿದಳು. ನಲವತ್ತೊಂಬತ್ತು, ಐವತ್ತು. ಅಲಾರಂ ಕಿವಿ ಕಿತ್ತುಹೋಗುವಂತೆ ಹೊಡೆದುಕೊಂಡಿತು, ಕಂಪ್ರೆಸರ್ ನಡೆಸುವ ಮೂವರೂ ಕಿವಿ ಮುಚ್ಚಿಕೊಂಡು ನಕ್ಕರು. ಅವಳಿಗೂ ಎದೆಯ ಭಾರ ಇಳಿಯಿತು. ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು, ಹೇಳಲು ಯಾರೂ ಇರಲಿಲ್ಲ.

ಆಫೀಸಿನ ಮೇಜಿಗೆ ಮರಳಿದಾಗ ಉಪೇಂದ್ರರ ಮೇಲ್ ಬಂದಿತ್ತು, ಜಿ.ಎಂ.ಗೂ ಪ್ರತಿ. ಡಿಯರ್ ಮಿಸ್ ವಿನೋದಾ ಎಂದು ಆರಂಭ. ಎರಡೂ ಸೆನ್ಸರುಗಳನ್ನು ಅಕ್ಟೋಬರ್ 9ರಂದು ಅಳವಡಿಸಲಾಗಿದೆ, ಪರೀಕ್ಷಿಸಿ ದೃಢೀಕರಿಸಿ. ದಿನಾಂಕ, ಸೀರಿಯಲ್ ನಂಬರು, ಎಲ್ಲ ಇತ್ತು. ಒಂದೂ ತಪ್ಪಿರಲಿಲ್ಲ.

ಹದಿನಾಲ್ಕು ತಿಂಗಳಲ್ಲಿ ಅವರು ಅವಳಿಗೆ ಬರೆದ ಮೊದಲ ಮೇಲ್ ಅದು. ಪರೀಕ್ಷೆಯ ಅಂಕಿಗಳನ್ನು ಬರೆದು, ಕೆಳಗೆ 'ಸಾರ್, ನಾಳೆ ಊಟಕ್ಕೆ ಬರ್ತೀರಾ' ಎಂದು ಕನ್ನಡದಲ್ಲಿ ಟೈಪು ಮಾಡಿದಳು. ಪ್ರತಿಯ ಸಾಲಿನಲ್ಲಿ ಜಿ.ಎಂ. ಹೆಸರಿತ್ತು. ಆ ಕನ್ನಡದ ಸಾಲನ್ನು ಅಳಿಸಿ, ದೃಢೀಕರಿಸಿದ್ದೇನೆ, ಈ ವಿಷಯ ಮುಗಿದಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು.